ಐಸ್ ಕ್ರೀಮೋ, ಫ್ರೋಜನ್ ಡೆಸರ್ಟೋ?

ಕಪ್ಪಿನ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿಯ ಹೆಸರು, ವೆನಿಲಾ, ಒಂದು ಚೆಂದದ ಚಿತ್ರ. ನಾವು ಹುಡುಕಬೇಕಾದ ಮಾತು ಸಣ್ಣಕ್ಷರದಲ್ಲಿರುತ್ತದೆ. ಬರೀ ‘ಐಸ್ ಕ್ರೀಮ್’ ಎಂದಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಅದರಲ್ಲಿ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬಿರಬೇಕು. ‘ಮೀಡಿಯಂ ಫ್ಯಾಟ್’ ಎಂದಿದ್ದರೆ ಕೊಬ್ಬು ಅದಕ್ಕಿಂತ ಕಡಿಮೆ, ಆದರೂ ಹಾಲಿನದ್ದೇ. ‘ಫ್ರೋಜನ್ ಡೆಸರ್ಟ್’ನಲ್ಲಿ ಆ ಜಾಗಕ್ಕೆ ಸಾಮಾನ್ಯವಾಗಿ ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಬರುತ್ತದೆ, ಹಾಗೆಂದು ಲೇಬಲ್‌ನಲ್ಲಿ ಹೇಳಲೇಬೇಕು.

ಎರಡು ಕಪ್ಪುಗಳ ಪೋಷಕಾಂಶ ಪಟ್ಟಿಯಲ್ಲೂ 100 ಗ್ರಾಂಗೆ 10 ಗ್ರಾಂ ಕೊಬ್ಬು ಎಂದಿದೆ ಎನ್ನಿ. ಆ ಅಂಕಿಯಿಂದ ವ್ಯತ್ಯಾಸ ತಿಳಿಯದು. ‘ಮಿಲ್ಕ್ ಸಾಲಿಡ್ಸ್’ ಎಂಬುದೂ ಎರಡರಲ್ಲೂ ಇರಬಹುದು, ಏಕೆಂದರೆ ಕೆನೆ ತೆಗೆದ ಹಾಲಿನ ಪುಡಿ ಫ್ರೋಜನ್ ಡೆಸರ್ಟ್‌ಗೂ ಬೀಳುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ‘ಎಡಿಬಲ್ ವೆಜಿಟಬಲ್ ಆಯಿಲ್’ ಅಥವಾ ‘ಫ್ಯಾಟ್’ ಕಂಡರೆ ಅದು ಐಸ್ ಕ್ರೀಮ್ ಅಲ್ಲ.