ಹತ್ತು ಕೋಟಿ ರೂಪಾಯಿ ಯಾವ ಚಿತ್ರದಲ್ಲಿ ಕಾಣುತ್ತದೆ?

ಮದ್ದೂರು ತಾಲ್ಲೂಕಿನ ಭಾರತೀನಗರವನ್ನು ಜನ ಈಗಲೂ ಕೆ.ಎಂ.ದೊಡ್ಡಿ ಎಂದೇ ಕರೆಯುತ್ತಾರೆ. ಕಬ್ಬು, ಭತ್ತದ ಸೀಮೆ. ನೀರು ಬರಬೇಕಾದದ್ದು ವಿಶ್ವೇಶ್ವರಯ್ಯ ನಾಲೆಯಿಂದ. ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಆ ನಾಲೆಯ ಕೊನೆಭಾಗದಲ್ಲಿರುವುದರಿಂದ, ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಇಲ್ಲಿನ ರೈತ ಪತ್ರಿಕೆಯಲ್ಲಿ ಮೊದಲು ಹುಡುಕುವುದು ನಾಲೆಗೆ ಏನು ಬಂತು ಎಂಬುದನ್ನೇ. ಉಪನಾಲೆಯೊಂದರ ದುರಸ್ತಿಗೆ 10 ಕೋಟಿ ರೂಪಾಯಿ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಊರಿನ ಮಟ್ಟಿಗೆ ಅದು ದೊಡ್ಡ ಮೊತ್ತ. ಇಡೀ ರಾಜ್ಯದ ಬಜೆಟ್ಟನ್ನು ಒಂದೇ ಪುಟದ ಚಿತ್ರವಾಗಿ ಬರೆದರೆ ಆ 10 ಕೋಟಿ ಕಣ್ಣಿಗೆ ಬೀಳುತ್ತದೆಯೇ?

ಉತ್ತರ ಚಿತ್ರದ ಜಾತಿಯ ಮೇಲೆ ನಿಂತಿದೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ. ಶಿಕ್ಷಣಕ್ಕೆ 10 ಸೆಂಟಿಮೀಟರ್ ಉದ್ದದ ಪಟ್ಟಿ ಎಳೆದರೆ, ಪಶುಸಂಗೋಪನೆ ಮತ್ತು ಮೀನುಗಾರಿಕೆಯ 3,977 ಕೋಟಿಗೆ ಸುಮಾರು 9 ಮಿಲಿಮೀಟರ್ ಉದ್ದದ ಪಟ್ಟಿ ಬರುತ್ತದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ನಾಲೆಯ 10 ಕೋಟಿಗೆ ಬರುವ ಉದ್ದ 0.02 ಮಿಲಿಮೀಟರ್. ಯಾವ ಮುದ್ರಣಾಲಯವೂ ಅದನ್ನು ಓದುಗನಿಗೆ ಕಾಣುವಂತೆ ಅಚ್ಚು ಹಾಕಲಾರದು.

ಅದೇ ಶಿಕ್ಷಣವನ್ನು 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕವಾಗಿ ಬರೆದು, ಉಳಿದ ಬಾಬ್ತುಗಳಿಗೂ ಅದೇ ಅಳತೆಯಲ್ಲಿ ಜಾಗ ಕೊಡಿ. ಆಗ ನಾಲೆಯ ಪಾಲಿಗೆ ಬರುವುದು ಒಂದೂವರೆ ಮಿಲಿಮೀಟರ್ ಬದಿಯ ಚೌಕ. ಪುಟ್ಟದು ನಿಜ, ಆದರೆ ಕಣ್ಣಿಗೆ ಕಾಣುತ್ತದೆ. ಪಟ್ಟಿಯಲ್ಲಿ ಹಣ ಉದ್ದವಾಗುತ್ತದೆ, ಚೌಕದಲ್ಲಿ ವಿಸ್ತೀರ್ಣವಾಗುತ್ತದೆ. ವಿಸ್ತೀರ್ಣ ನೂರರಲ್ಲೊಂದಾದಾಗ ಚೌಕದ ಬದಿ ಹತ್ತರಲ್ಲೊಂದಕ್ಕಷ್ಟೇ ಇಳಿಯುತ್ತದೆ. ಸಣ್ಣ ಬಾಬ್ತುಗಳು ಬದುಕಿ ಉಳಿಯುವುದು ಈ ವರ್ಗಮೂಲದ ಲೆಕ್ಕದಿಂದ.

ಈ ಬಗೆಯ ಚಿತ್ರಕ್ಕೆ ಟ್ರೀಮ್ಯಾಪ್ ಎಂದು ಹೆಸರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ 1990ರಲ್ಲಿ ಇದನ್ನು ರೂಪಿಸಿದ್ದು ಬಜೆಟ್ಟಿಗಾಗಿ ಅಲ್ಲ. ಅವರ ಪ್ರಯೋಗಾಲಯದ 14 ಮಂದಿ ಹಂಚಿಕೊಂಡಿದ್ದ 80 ಮೆಗಾಬೈಟ್‌ನ ಹಾರ್ಡ್‌ಡಿಸ್ಕ್ ತುಂಬಿಹೋಗುತ್ತಿತ್ತು. ಯಾರ ಯಾವ ಕಡತ ಜಾಗ ತಿನ್ನುತ್ತಿದೆ ಎಂದು ಒಂದೇ ಪರದೆಯಲ್ಲಿ ತಿಳಿಯಬೇಕಿತ್ತು. ಫೋಲ್ಡರಿನೊಳಗೆ ಫೋಲ್ಡರ್ ಇರುವ ಹಾಗೆಯೇ ಇಲಾಖೆಯೊಳಗೆ ಯೋಜನೆ, ಯೋಜನೆಯೊಳಗೆ ಸಂಬಳ, ಸಾಮಗ್ರಿ, ಸಹಾಯಧನ ಇರುತ್ತವೆ. ಆದ್ದರಿಂದಲೇ ಈ ವಿಧಾನ ಬಜೆಟ್ಟಿಗೂ ಒಗ್ಗಿತು.

ಅವರ ಮೊದಲ ವಿಧಾನ ಅಣ್ಣತಮ್ಮಂದಿರು ಜಮೀನನ್ನು ಹಿಸ್ಸೆ ಮಾಡಿಕೊಂಡಂತಿತ್ತು. ಒಂದು ತಲೆಮಾರಿಗೆ ಉದ್ದಕ್ಕೆ ಸೀಳುವುದು, ಮುಂದಿನದಕ್ಕೆ ಅಡ್ಡಕ್ಕೆ ಸೀಳುವುದು. ಪಾಲುದಾರರು ಹೆಚ್ಚಾದ ಕಡೆ ಹಿಸ್ಸೆಗಳು ನೂಲಿನಂತೆ ತೆಳ್ಳಗಾಗಿ, ಯಾವುದು ದೊಡ್ಡದೆಂದು ಹೇಳಲಾಗುತ್ತಿರಲಿಲ್ಲ. 2000ದಲ್ಲಿ ನೆದರ್ಲೆಂಡ್ಸ್‌ನ ಬ್ರುಲ್ಸ್, ಹೌಜಿಂಗ್ ಮತ್ತು ವಾನ್ ವೈಕ್ ಆಯತಗಳನ್ನು ಆದಷ್ಟು ಚೌಕದ ಹತ್ತಿರಕ್ಕೆ ತರುವ ಕ್ರಮ ಕಂಡುಕೊಂಡರು. ಹೀಗೆ ಮಾಡಿದಾಗ ಬೇರೊಂದು ನಷ್ಟವಾಯಿತು. ಮೊತ್ತ ಸ್ವಲ್ಪ ಬದಲಾದರೂ ಆಯತಗಳು ಜಾಗ ಬದಲಿಸಿಬಿಡಬಹುದು. ಕಳೆದ ವರ್ಷ ಎಡಗಡೆ ಇದ್ದ ನೀರಾವರಿ ಈ ವರ್ಷ ಮೂಲೆಗೆ ಹೋದರೆ ಓದುಗ ಮತ್ತೆ ಹುಡುಕಬೇಕು. ವರ್ಷದಿಂದ ವರ್ಷಕ್ಕೆ ಹೋಲಿಸುವ ಕೆಲಸಕ್ಕೆ ಟ್ರೀಮ್ಯಾಪ್ ಹೇಳಿ ಮಾಡಿಸಿದ್ದಲ್ಲ.

ನಿಖರವಾದ ಹೋಲಿಕೆಗೂ ಅಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಇಂದಿಗೂ ಆಧಾರ. ಒಂದೇ ಗೆರೆಯಿಂದ ಹೊರಟ ಪಟ್ಟಿಗಳನ್ನು ಮನುಷ್ಯನ ಕಣ್ಣು ಚೆನ್ನಾಗಿ ಅಳೆಯುತ್ತದೆ. ವಿಸ್ತೀರ್ಣವನ್ನು ಅಂದಾಜು ಮಾಡುವಾಗ ಎಡವುತ್ತದೆ. 2025ರ ಬಜೆಟ್ಟಿನಲ್ಲಿ ನೀರಾವರಿಗೆ 22,181 ಕೋಟಿ, ಗೃಹ ಮತ್ತು ಸಾರಿಗೆಗೆ 20,625 ಕೋಟಿ. ನಮ್ಮ ಅಳತೆಯ ಪಟ್ಟಿಗಳಲ್ಲಿ ಇವುಗಳ ನಡುವೆ ಮೂರು ಮಿಲಿಮೀಟರಿಗೂ ಮೀರಿದ ಅಂತರವಿದ್ದು, ಯಾವುದು ಉದ್ದ ಎಂದು ತಟ್ಟನೆ ಹೇಳಬಹುದು. ಒಂದು ಅಗಲ, ಇನ್ನೊಂದು ಎತ್ತರ ಇರುವ ಎರಡು ಆಯತಗಳಾಗಿ ಬರೆದರೆ ಹೆಚ್ಚಿನವರು ಊಹೆಗೆ ಇಳಿಯುತ್ತಾರೆ. ಚಿತ್ರದ ಮೇಲಿನ ಅಂಕಿಗಳನ್ನು ಮುಚ್ಚಿ ಯಾವುದು ದೊಡ್ಡದು ಎಂದು ನಾಲ್ಕು ಜನರನ್ನು ಕೇಳಿದರೆ ಸಾಕು, ಚಿತ್ರ ಆ ಕೆಲಸಕ್ಕೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಹಾಗಾದರೆ ಟ್ರೀಮ್ಯಾಪ್ ಗೆಲ್ಲುವುದೆಲ್ಲಿ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಆಯತವನ್ನು ನೋಡಬೇಕು. ಅದಕ್ಕೆ ಇಟ್ಟದ್ದು 34,955 ಕೋಟಿ. ಅದರಲ್ಲಿ ಗೃಹಲಕ್ಷ್ಮಿ ಯೋಜನೆಗೇ 28,608 ಕೋಟಿ, ಅಂದರೆ ಐದರಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು. ಒಂದು ದೊಡ್ಡ ಆಯತ ಹೆಚ್ಚುಕಡಿಮೆ ಇಡೀ ಇಲಾಖೆಯನ್ನು ಹಿಡಿದು ಕೂತಿರುತ್ತದೆ; ಅಂಗನವಾಡಿಯಿಂದ ಹಿಡಿದು ಉಳಿದ ಎಲ್ಲ ಕಾರ್ಯಕ್ರಮಗಳು ಅಂಚಿನಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಯೋಜನೆಗಳನ್ನೆಲ್ಲ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿದ ಪಟ್ಟಿ ನಕ್ಷೆಯಲ್ಲಿ ಈ ಸಂಗತಿ ಕಳೆದುಹೋಗುತ್ತದೆ. ಅಲ್ಲಿ ಗೃಹಲಕ್ಷ್ಮಿ ಒಂದು ಉದ್ದ ಪಟ್ಟಿ, ಅಷ್ಟೆ. ಅದು ಯಾರ ಮನೆಯೊಳಗೆ ಎಷ್ಟು ಜಾಗ ಹಿಡಿದಿದೆ ಎಂಬುದಕ್ಕೆ ಗುರುತಿಲ್ಲ.

ಟ್ರೀಮ್ಯಾಪಿಗೆ ಒಂದು ಕಟ್ಟುಪಾಡೂ ಇದೆ. ಪ್ರತಿ ರೂಪಾಯಿಯೂ ಒಂದೇ ಮನೆಯಲ್ಲಿರಬೇಕು, ಒಳಗಿನದೆಲ್ಲ ಕೂಡಿದರೆ ಹೊರಗಿನದು ಬರಬೇಕು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಒಟ್ಟು 51,034 ಕೋಟಿ ಎಂದು ಘೋಷಿಸಲಾಗಿತ್ತು. ಆದರೆ ಗೃಹಜ್ಯೋತಿ ಇಂಧನ ಇಲಾಖೆಯಲ್ಲಿ, ಶಕ್ತಿ ಸಾರಿಗೆಯಲ್ಲಿ, ಅನ್ನಭಾಗ್ಯ ಆಹಾರದಲ್ಲಿ ಕೂತಿವೆ. ಗ್ಯಾರಂಟಿಗೆಂದು ಪ್ರತ್ಯೇಕ ಆಯತ ಸೇರಿಸಿದರೆ ಹಣವನ್ನು ಎರಡು ಸಲ ಎಣಿಸಿದಂತೆ. ಇಲಾಖೆಗಳನ್ನು ಹಾಗೆಯೇ ಬಿಟ್ಟು, ಐದು ಯೋಜನೆಗಳಿಗೆ ಮಾತ್ರ ಒಂದೇ ಬಣ್ಣ ಹಚ್ಚುವುದು ಸರಿಯಾದ ದಾರಿ. ಇನ್ನು ವಸೂಲಾತಿಯಂಥ ಋಣ ಅಂಕಿಗಳಿಗೆ ಇಲ್ಲಿ ಜಾಗವೇ ಇಲ್ಲ, ಏಕೆಂದರೆ ಸೊನ್ನೆಗಿಂತ ಕಡಿಮೆ ವಿಸ್ತೀರ್ಣದ ಆಯತ ಇರುವುದಿಲ್ಲ.

ಎಷ್ಟು ಬಾಬ್ತುಗಳಿದ್ದರೆ ಯಾವ ಚಿತ್ರ ಎಂಬುದನ್ನು 2010ರಲ್ಲಿ ನಿಕೊಲಸ್ ಕಾಂಗ್, ಜೆಫ್ರಿ ಹೀರ್, ಮನೀಶ್ ಅಗ್ರವಾಲ ಪರೀಕ್ಷಿಸಿ ನೋಡಿದರು. ಬಾಬ್ತು ಕಡಿಮೆ ಇದ್ದಾಗ ಪಟ್ಟಿಗಳದ್ದೇ ನಿಖರತೆ. ಹೆಚ್ಚುತ್ತಾ ಹೋದಂತೆ ಪಟ್ಟಿಗಳು ಕುಗ್ಗಿ, ಒಂದು ಹಂತದಲ್ಲಿ ಟ್ರೀಮ್ಯಾಪ್ ಅವುಗಳ ಸಮಕ್ಕೆ ಬರುತ್ತದೆ. ಎರಡು ಆಯತಗಳೂ ಪೂರಾ ಚೌಕಗಳಾಗಿದ್ದರೆ ಅಂದಾಜು ಕೆಡುತ್ತದೆಂಬುದು ಅವರಿಗೆ ಸಿಕ್ಕ ಅನಿರೀಕ್ಷಿತ ಫಲಿತಾಂಶ. ಸ್ವಲ್ಪ ಉದ್ದುದ್ದ ಇರುವುದೇ ಮೇಲು, ತೀರಾ ಕಡ್ಡಿಯಂತೆ ಇರಬಾರದು.

ಇದರ ಪ್ರಕಾರ ಗ್ರಾಮ ಪಂಚಾಯಿತಿಯ ಆಯವ್ಯಯಕ್ಕೆ ಟ್ರೀಮ್ಯಾಪ್ ಬೇಡ. ಅಲ್ಲಿರುವುದು ಕೆಲವೇ ಬಾಬ್ತುಗಳು, ಮೊತ್ತಗಳ ನಡುವಿನ ಅಂತರವೂ ಲಕ್ಷಗಳಲ್ಲಿ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, 40 ಭಾಗ ಮುಕ್ತವಾಗಿತ್ತು. ಇಂಥ ಎರಡು ಭಾಗಗಳನ್ನು ತಲೆಬರಹವಾಗಿಟ್ಟು, ಕೆಳಗೆ ಕಾಮಗಾರಿಗಳ ಪಟ್ಟಿಗಳನ್ನು ಒಂದೇ ಗೆರೆಯಿಂದ ಎಳೆದು, ಪ್ರತಿಯೊಂದರ ತುದಿಯಲ್ಲಿ ಮೊತ್ತ ಬರೆದರೆ ಕಪ್ಪುಬಿಳುಪಿನ ಜೆರಾಕ್ಸ್‌ನಲ್ಲೂ ಗ್ರಾಮಸಭೆಗೆ ಬಂದವರು ಓದಿಕೊಳ್ಳುತ್ತಾರೆ. ಸಣ್ಣ ಬಾಬ್ತುಗಳನ್ನೆಲ್ಲ ‘ಇತರೆ’ ಎಂದು ಒಟ್ಟುಗೂಡಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು; ಕೊನೆಯ ಬೀದಿಯ ಚರಂಡಿ ಸೇರಿಕೊಳ್ಳುವುದು ಅಲ್ಲಿಯೇ. ಸಣ್ಣ ಬಾಬ್ತುಗಳ ಪಟ್ಟಿಗಳು ತೀರಾ ಮೋಟಾದರೆ ಅವನ್ನಷ್ಟೇ ಎರಡನೇ ಚಿತ್ರವಾಗಿ ದೊಡ್ಡ ಅಳತೆಯಲ್ಲಿ ಬರೆದು, ಅಳತೆ ಬದಲಾಗಿದೆ ಎಂದು ಪಕ್ಕದಲ್ಲೇ ನಮೂದಿಸಬಹುದು.