ಕಡ್ಡಿ ಗೀರದೆ ಹತ್ತುವ ಬೆಂಕಿ

ಹೊಸ ಕ್ರಿಕೆಟ್ ಬ್ಯಾಟು ತಂದವರು ಅದಕ್ಕೆ ಅಗಸೆ ಎಣ್ಣೆ ಕುಡಿಸುವುದುಂಟು. ಅಂಗಡಿಯವರು ಲಿನ್ಸೀಡ್ ಆಯಿಲ್ ಎಂದು ಕೊಡುವ ಪುಟ್ಟ ಬಾಟಲಿಯಿಂದ ನಾಲ್ಕು ಹನಿಯನ್ನು ಹಳೇ ಬನಿಯನ್ನಿನ ತುಂಡಿಗೆ ಹಾಕಿ, ಬ್ಯಾಟಿನ ಮೈಗೆ ತೆಳ್ಳಗೆ ಉಜ್ಜಿ, ಅಡ್ಡ ಮಲಗಿಸಿಡುತ್ತೇವೆ. ಎರಡು ದಿನ ಬಿಟ್ಟು ಮುಟ್ಟಿದರೆ ಜಿಡ್ಡಿಲ್ಲ. ಎಣ್ಣೆ ಆರಿತು ಎನ್ನುತ್ತೇವೆ. ಆದರೆ ಬಟ್ಟೆಯ ನೀರು ಆರಿದಂತೆ ಅದು ಆವಿಯಾಗಿ ಹೋಗಿರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುವಿಗೆ ಅಣು ಕೊಂಡಿ ಹಾಕಿಕೊಂಡು, ಗಟ್ಟಿ ಪದರವಾಗಿರುತ್ತದೆ. ನೀರು ಆರಿದರೆ ಬಟ್ಟೆ ಹಗುರಾಗುತ್ತದೆ. ಅಗಸೆ ಎಣ್ಣೆ ಆರಿದರೆ ತೂಕ ಏರುತ್ತದೆ.

ಎಣ್ಣೆ ಹೀಗೆ ಆಮ್ಲಜನಕದ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ. ಬ್ಯಾಟಿನ ಮೇಲಿನ ತೆಳು ಪದರದಲ್ಲಿ ಅದು ಹುಟ್ಟಿದ ಕ್ಷಣವೇ ಗಾಳಿಗೆ ಹೋಗಿಬಿಡುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಮೂಲೆಗೆ ಎಸೆದ ಆ ಬನಿಯನ್ ತುಂಡಿನಲ್ಲಿ. ನಾಲ್ಕು ಹನಿಯ ತುಂಡೊಂದರಿಂದ ಏನೂ ಆಗಲಿಕ್ಕಿಲ್ಲ. ಆದರೆ ಬಾಗಿಲು, ಬೀರು, ಗೋಡೆಯ ಹಲಗೆಗಳಿಗೆ ದಿನವಿಡೀ ಎಣ್ಣೆ ಒರೆಸಿದ ಬಡಗಿ ಸಂಜೆ ಹತ್ತಾರು ಬಟ್ಟೆಗಳನ್ನು ಮುದುಡಿ ಗುಡ್ಡೆ ಹಾಕಿ ಹೋದರೆ ಲೆಕ್ಕವೇ ಬೇರೆ. ಹತ್ತಿಯ ಎಳೆಎಳೆಗೂ ಎಣ್ಣೆ ಅಂಟಿರುವುದರಿಂದ ಗಾಳಿಗೆ ತೆರೆದುಕೊಂಡ ಮೈ ಅಗಾಧ. ಮಡಿಕೆಗಳ ನಡುವೆ ಆಮ್ಲಜನಕಕ್ಕೆ ದಾರಿಯಿದೆ. ಹುಟ್ಟಿದ ಶಾಖಕ್ಕೆ ಮಾತ್ರ ಹೊರಬರಲು ದಾರಿಯಿಲ್ಲ, ಏಕೆಂದರೆ ಬಟ್ಟೆಯ ಮುದ್ದೆ ಎಂದರೆ ಕಂಬಳಿಯೇ. ಇಂಥ ಕ್ರಿಯೆಗಳ ವೇಗ ಹತ್ತು ಡಿಗ್ರಿ ಏರಿದಾಗಲೆಲ್ಲ ಸುಮಾರು ಇಮ್ಮಡಿಯಾಗುತ್ತದೆ. ಬಿಸಿಯಿಂದ ವೇಗ, ವೇಗದಿಂದ ಇನ್ನಷ್ಟು ಬಿಸಿ. ಕೆಲವು ಗಂಟೆಗಳಲ್ಲಿ ಮುದ್ದೆಯ ಹೊಟ್ಟೆಯಲ್ಲಿ ಬಟ್ಟೆ ಕಂದಿ, ಕಪ್ಪಾಗಿ, ಕೆಂಡವಾಗುತ್ತದೆ. ಗಾಳಿ ಚೆನ್ನಾಗಿ ಸಿಕ್ಕಿತೋ, ಉರಿ.

1991ರ ಫೆಬ್ರವರಿ 23, ಶನಿವಾರ. ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಚೇರಿ ಕಟ್ಟಡದ 22ನೇ ಮಹಡಿಯಲ್ಲಿ ಮರದ ಹಲಗೆಗಳಿಗೆ ಹೊಸ ಹೊಳಪು ಕೊಡುವ ಕೆಲಸ ನಡೆದಿತ್ತು. ಕೆಲಸಗಾರರು ಅಗಸೆ ಎಣ್ಣೆಯ ಬಟ್ಟೆಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ರಾತ್ರಿ ಎಂಟೂವರೆಯ ಆಸುಪಾಸಿಗೆ ಹೊಗೆಯ ಎಚ್ಚರಿಕೆ ಗಂಟೆ ಹೊಡೆಯಿತು. ಆ ಮಹಡಿಯಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. ಬೆಂಕಿ ಕಿಟಕಿಯಿಂದ ಹೊರಬಂದು ಮೇಲಿನ ಕಿಟಕಿಗೆ ನೆಗೆಯುತ್ತ ಮಹಡಿ ಮಹಡಿ ಏರಿತು. ಹತ್ತೊಂಬತ್ತು ಗಂಟೆ ಉರಿಯಿತು. ಅಗ್ನಿಶಾಮಕ ದಳದ ಮೂವರು ಹೊಗೆಯಲ್ಲಿ ದಾರಿ ತಪ್ಪಿ ಸತ್ತರು. ಕಟ್ಟಡ ಕುಸಿಯಬಹುದೆಂಬ ಭಯದಿಂದ ಉಳಿದವರನ್ನೂ ವಾಪಸ್ ಕರೆಸಲಾಯಿತು. ಕೊನೆಗೆ ಬೆಂಕಿ ನಿಂತದ್ದು 30ನೇ ಮಹಡಿಯಲ್ಲಿ. ಅಲ್ಲಿನ ಬಾಡಿಗೆದಾರರು ಸ್ಪ್ರಿಂಕ್ಲರ್ ಹಾಕಿಸಿಕೊಂಡಿದ್ದರು; ಹತ್ತೇ ಹತ್ತು ಚಿಮ್ಮುಗಗಳು ತೆರೆದುಕೊಂಡವು. ಕೆಲವು ವರ್ಷ ಸುಟ್ಟ ಗೋಪುರ ಹಾಗೇ ನಿಂತಿತ್ತು, ಆಮೇಲೆ ಕೆಡವಿದರು.

ಎಲ್ಲ ಎಣ್ಣೆಯೂ ಹೀಗಲ್ಲ. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಮೂರು ದ್ವಿಬಂಧಗಳಿರುವ ಕೊಬ್ಬಿನ ಆಮ್ಲ. ಆಮ್ಲಜನಕ ಬಂದು ಕೈ ಹಾಕುವುದು ಆ ದ್ವಿಬಂಧಗಳ ಅಕ್ಕಪಕ್ಕದಲ್ಲೇ. ಕೊಬ್ಬರಿ ಎಣ್ಣೆಯಲ್ಲಿ ದ್ವಿಬಂಧಗಳು ತೀರಾ ಕಮ್ಮಿ, ಅದು ಎಷ್ಟು ದಿನವಾದರೂ ಆರುವುದಿಲ್ಲ, ಕನಕುತ್ತದೆ ಅಷ್ಟೆ. ಸೋಯಾ, ಸೂರ್ಯಕಾಂತಿ ಎಣ್ಣೆಗಳು ಇವೆರಡರ ನಡುವೆ ಬರುತ್ತವೆ. ಗ್ಯಾರೇಜಿನ ಎಂಜಿನ್ ಆಯಿಲ್ ಕಿಡಿ ಬಿದ್ದರೆ ಉರಿಯುತ್ತದೆ, ಆದರೆ ಹೀಗೆ ತನ್ನಷ್ಟಕ್ಕೆ ಬಿಸಿಯೇರುವ ಜಾತಿಯದ್ದಲ್ಲ. ಮರಗೆಲಸಕ್ಕೆ ಮಾರುವ ‘ಬಾಯಿಲ್ಡ್’ ಅಗಸೆ ಎಣ್ಣೆಯದ್ದು ಇನ್ನೊಂದು ಕಥೆ. ಬೇಗ ಆರಲಿ ಎಂದು ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸಿನಂಥ ಲೋಹಗಳ ಲವಣ ಬೆರೆಸಿರುತ್ತಾರೆ. ಬೇಗ ಆರುವುದು ಎಂದರೆ ಬೇಗ ಬಿಸಿಯಾಗುವುದು ಎಂದೂ ಅರ್ಥ.

ಹಾಗಾದರೆ ಬಟ್ಟೆಯನ್ನೇನು ಮಾಡಬೇಕು? ಶಾಖ ಹೋಗಲು ಬಿಡಬೇಕು, ಇಲ್ಲವೇ ಗಾಳಿಯನ್ನು ತಡೆಯಬೇಕು. ಒಂದೊಂದನ್ನೂ ಬಿಡಿಸಿ, ಒಂದರ ಮೇಲೊಂದು ಬೀಳದಂತೆ, ಬಯಲಿನ ನೆರಳಿನಲ್ಲಿ ತಂತಿಗೆ ಹಾಕಿದರೆ ಒಂದೆರಡು ದಿನದಲ್ಲಿ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತವೆ. ಹಾಗೆ ಸೆಟೆದ ಮೇಲೆ ಎಸೆಯಬಹುದು. ಜಾಗವಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಮುದುರಿ ಕಸದ ಬುಟ್ಟಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಮುದ್ದೆ ಕೈಗೆ ಬೆಚ್ಚಗೆ ತಾಗಿದರೆ, ಪೇಂಟಿನಂಥ ಘಾಟು ಹೊಡೆದರೆ, ಒಳಗೆ ಕೆಲಸ ಶುರುವಾಗಿದೆ ಎಂದೇ ತಿಳಿಯಬೇಕು. ಒಗೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಅಡುಗೆಮನೆಯ, ಮಸಾಜಿನ ಟವೆಲ್ಲುಗಳನ್ನು ಬಿಸಿಗಾಳಿಯ ಡ್ರೈಯರಿನಿಂದ ತೆಗೆದ ಕೂಡಲೇ ಮಡಿಸಿ ಪೇರಿಸಿಟ್ಟು ಲಾಂಡ್ರಿಗಳು ಹೊತ್ತಿಕೊಂಡದ್ದುಂಟು.

ಹುಲ್ಲಿನಲ್ಲೂ ಲೆಕ್ಕ ಇದೇ, ಶುರು ಮಾಡುವವರು ಮಾತ್ರ ಬೇರೆ. ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೇವವಿರುವ ಮೇವನ್ನು ಒತ್ತಾಗಿ ಪೇರಿಸಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಸುಮಾರು 70 ಡಿಗ್ರಿಯವರೆಗೂ ಬಿಸಿಯೇರಿಸಿ, ಆ ಬಿಸಿಗೆ ತಾವೇ ಸಾಯುತ್ತವೆ. ಅಷ್ಟು ಹೊತ್ತಿಗೆ ಹುಲ್ಲು ಆಮ್ಲಜನಕದ ಜೊತೆ ನೇರವಾಗಿ ವ್ಯವಹರಿಸುವಷ್ಟು ಕಾದಿರುತ್ತದೆ. ಹಸಿರಾಗಿದ್ದಾಗಲೇ ಕೊಯ್ದು, ಯಂತ್ರದಲ್ಲಿ ಒತ್ತಿ ಪೆಂಡಿ ಕಟ್ಟುವ ಯುರೋಪ್, ಅಮೆರಿಕಗಳ ಕೊಟ್ಟಿಗೆಗಳಲ್ಲಿ ಈ ಕಾಟ ಹೆಚ್ಚು. ಪೇರಿಸಿದ ಎರಡರಿಂದ ಆರು ವಾರದೊಳಗೆ ಬೆಂಕಿ ಕಾಣಿಸಿಕೊಳ್ಳುತ್ತದೆ. ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿಯುವ ತನಕ ಪೆಂಡಿ ಕಟ್ಟಬಾರದು ಎನ್ನುವುದು ಅಲ್ಲಿನ ರೂಢಿ. ನಮ್ಮ ರಾಗಿ, ಭತ್ತದ ಹುಲ್ಲು ಮಾಗಿ ಒಣಗಿದ ಮೇಲೆ ಬಣವೆಯಾಗುವುದರಿಂದ ಆ ಭಯ ಕಮ್ಮಿ. ಆದರೆ ಅಕಾಲದ ಮಳೆಗೆ ನೆಂದ ಹುಲ್ಲನ್ನು ಅವಸರಕ್ಕೆ ಒಟ್ಟಿದರೆ ತಿಪ್ಪೆಯ ನಿಯಮವೇ ಅದಕ್ಕೂ.

ಅನುಮಾನವಿದ್ದರೆ ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ, ಅರ್ಧ ಗಂಟೆ ಬಿಟ್ಟು ಎಳೆದು ಮುಟ್ಟಬಹುದು. ಹಿಡಿಯಲಾಗದಷ್ಟು ಸುಟ್ಟರೆ ಅಪಾಯವಿದೆ. ಥರ್ಮಾಮೀಟರ್ ಇದ್ದರೆ 65ರ ಮೇಲೆ ದಿನವೂ ನೋಡಬೇಕು. 80 ಮುಟ್ಟಿದರೆ ಅಗ್ನಿಶಾಮಕದವರು ಬರುವ ತನಕ ಕೈ ಹಚ್ಚಬಾರದು, ಏಕೆಂದರೆ ಬಿಚ್ಚಿದ ಕೂಡಲೇ ನುಗ್ಗುವ ಗಾಳಿಗೆ ಒಳಗಿನ ಕೆಂಡ ಭುಗಿಲೆನ್ನುತ್ತದೆ. ಮೇಲೆ ಹತ್ತಿ ನೋಡುವುದಂತೂ ಬೇಡವೇ ಬೇಡ. ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲಡಿ ಕುಸಿದು ನೇರ ಕೆಂಡಕ್ಕೇ ಬೀಳಬೇಕಾಗುತ್ತದೆ.

ಕಲ್ಲಿದ್ದಲಿಗೆ ಎಣ್ಣೆಯೂ ಬೇಡ, ಜೀವಿಗಳೂ ಬೇಡ. ಗಣಿಯಿಂದ ಹೊರಬಂದ ಹೊಸ ಮುಖಗಳು ತಾವೇ ಆಮ್ಲಜನಕ ಹೀರಿ ಬಿಸಿಯಾಗುತ್ತವೆ. ಲಿಗ್ನೈಟಿನಂಥ ಎಳೆಯ ಕಲ್ಲಿದ್ದಲು ಇನ್ನೂ ಬೇಗ. ರಾಶಿಯ ಆಕಾರವೇ ಇಲ್ಲಿ ಅರ್ಧ ತಪ್ಪು ಮಾಡುತ್ತದೆ. ಬೆಲ್ಟಿನಿಂದ ಮೇಲಿಂದ ಸುರಿದಾಗ ದಪ್ಪ ಉಂಡೆಗಳು ಉರುಳಿ ಬುಡಕ್ಕೆ ಬರುತ್ತವೆ, ಪುಡಿ ನಡುವೆ ಉಳಿಯುತ್ತದೆ. ಬುಡದ ಉಂಡೆಗಳ ಸಂದಿನಿಂದ ಗಾಳಿ ಒಳಸೇರಿ, ಕಾದು ಮೇಲೇರಿ, ರಾಶಿ ತಾನೇ ಒಲೆಯ ಹೊಗೆಗೂಡಿನಂತೆ ಎಳೆಯತೊಡಗುತ್ತದೆ. ಅದಕ್ಕೇ ವಿದ್ಯುತ್ ಸ್ಥಾವರಗಳ ಅಂಗಳದಲ್ಲಿ ಕಲ್ಲಿದ್ದಲನ್ನು ತೆಳು ಪದರವಾಗಿ ಹರಡಿ, ಪ್ರತಿ ಪದರದ ಮೇಲೂ ಬುಲ್ಡೋಜರ್ ಓಡಿಸಿ, ಇಳಿಜಾರುಗಳನ್ನೂ ಒತ್ತಿ, ಗಾಳಿಯ ಸಂದು ಮುಚ್ಚುತ್ತಾರೆ. ಮೊದಲು ಬಂದದ್ದನ್ನು ಮೊದಲು ಉರಿಸುತ್ತಾರೆ. ಹೊಗೆಯಾಡುವ ಜಾಗ ಕಂಡರೆ ಮೇಲಿಂದ ನೀರು ಚಿಮುಕಿಸಿ ಕೈತೊಳೆದುಕೊಳ್ಳುವಂತಿಲ್ಲ. ನೀರು ಹೊರಮೈಯಲ್ಲೇ ಹರಿದುಹೋಗಿ ಒಳಗಿನ ಕೆಂಡ ಹಾಗೇ ಉಳಿಯುತ್ತದೆ. ಆ ಭಾಗವನ್ನು ಅಗೆದು ತೆಗೆದು, ಬಯಲಲ್ಲಿ ಹರಡಿ, ಪೂರ್ತಿ ತಣ್ಣಗಾದ ಮೇಲಷ್ಟೇ ಬಾಯ್ಲರಿಗೆ ಕಳಿಸಬೇಕು. ಅವಸರ ಮಾಡಿ ಬಿಸಿಬಿಸಿಯಾಗಿ ಸುರಿದರೆ ಮೊದಲು ಹೊತ್ತಿಕೊಳ್ಳುವುದು ಅದನ್ನು ಸಾಗಿಸುವ ರಬ್ಬರ್ ಬೆಲ್ಟು.