ಪೆನ್ಸಿಲ್ ಚುಕ್ಕಿಯೊಳಗೆ ಎಷ್ಟು ಕಿಲೋಮೀಟರ್?

ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನ ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಒಂದು ಪ್ರಶ್ನೆ ಕಾದು ಕೂತಿರುತ್ತದೆ: ‘ಭಾರತದ ನಕ್ಷೆ ಬರೆದು ಕೆಳಗಿನವುಗಳನ್ನು ಗುರುತಿಸಿ.’ ಅಚ್ಚಾದ ನಕ್ಷೆಯನ್ನು ಕೈಗೆ ಕೊಡುವುದಿಲ್ಲ. ಖಾಲಿ ಹಾಳೆಯ ಮೇಲೆ ಮಕ್ಕಳೇ ದೇಶವನ್ನು ಬರೆಯಬೇಕು. ಅಂಕದ ಹಂಚಿಕೆ ಹೆಚ್ಚಾಗಿ ಸರಳ: ರೇಖಾನಕ್ಷೆಗೆ ಒಂದು, ಸರಿಯಾಗಿ ಗುರುತಿಸಿದ ಪ್ರತಿಯೊಂದಕ್ಕೂ ಒಂದೊಂದು. ನೋಡುವುದಕ್ಕೆ ಇವು ಬೇರೆ ಬೇರೆ ಅಂಕಗಳು. ಆದರೆ ರೇಖೆ ಕೆಟ್ಟರೆ ಒಳಗಿನ ಗುರುತುಗಳೂ ಅದರ ಹಿಂದೆಯೇ ಕೆಡುತ್ತವೆ.

ಮಕ್ಕಳ ನಕ್ಷೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪೆಂದರೆ ಕನ್ಯಾಕುಮಾರಿಯನ್ನು ಹಾಳೆಯ ನಟ್ಟನಡುವೆ ಇಳಿಸುವುದು. ಮೇಲೆ ಕಾಶ್ಮೀರದ ತಲೆ, ಕೆಳಗೆ ಅದಕ್ಕೆ ನೇರವಾಗಿ ಚೂಪಾದ ತುದಿ, ಎಡಬಲಕ್ಕೆ ಸಮನಾದ ಎರಡು ರೆಕ್ಕೆ. ನೋಡಲು ಗಾಳಿಪಟದ ಹಾಗೆ ಚೆಂದವಾಗಿರುತ್ತದೆ, ಆದರೆ ಅದು ಭಾರತವಲ್ಲ. ನಮ್ಮ ದೇಶದ ತಲೆ, ಪಾದ ಎರಡೂ ನಡುವಿನಿಂದ ಎಡಕ್ಕೆ ಸರಿದಿವೆ. ಅರುಣಾಚಲದ ತೋಳು ಪೂರ್ವಕ್ಕೆ ಅಷ್ಟು ದೂರ ಚಾಚಿರುವುದರಿಂದಲೇ ಹೀಗೆ.

ಇದನ್ನು ಸರಿಪಡಿಸಲು ಮೊದಲು ಒಂದು ಚೌಕಟ್ಟು ಹಾಕಿಕೊಳ್ಳಬೇಕು. ಭಾರತದ ಮುಖ್ಯ ಭೂಭಾಗ ಉತ್ತರ ದಕ್ಷಿಣವಾಗಿ 3214 ಕಿ.ಮೀ., ಪೂರ್ವ ಪಶ್ಚಿಮವಾಗಿ 2933 ಕಿ.ಮೀ. ಇದೆ. ಹತ್ತಕ್ಕೆ ಹನ್ನೊಂದರ ಲೆಕ್ಕ. ಹಾಗಾಗಿ 10 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರದ ಚೌಕಟ್ಟನ್ನು ತೆಳುವಾಗಿ ಎಳೆದರೆ ದೇಶ ಅದರೊಳಗೆ ಸರಿಯಾಗಿ ಕೂರುತ್ತದೆ.

ಈಗ ಅಂಚುಗಳ ಮೇಲೆ ಮೂರು ಚುಕ್ಕಿ. ಕೆಳಗಿನ ಅಂಚಿನಲ್ಲಿ ಎಡಮೂಲೆಯಿಂದ 3 ಸೆಂ.ಮೀ. ದಾಟಿ ಎರಡು ಮಿಲಿಮೀಟರ್‌ಗೆ ಕನ್ಯಾಕುಮಾರಿ. ಎಡ ಅಂಚಿನಲ್ಲಿ ಅರ್ಧ ಎತ್ತರಕ್ಕಿಂತ ತುಸು ಮೇಲೆ ಕಛ್‌ನ ಪಶ್ಚಿಮ ತುದಿ. ಬಲ ಅಂಚಿನಲ್ಲಿ ಕೆಳಗಿನಿಂದ ಏಳೂವರೆ ಸೆಂ.ಮೀ. ಮೇಲೆ ಅರುಣಾಚಲದ ತುದಿ. ಕಾಶ್ಮೀರದ ತಲೆಯನ್ನು ಮೇಲಿನ ಅಂಚಿಗೆ ತಾಗಿಸಿ ಎಡ ಅರ್ಧದಲ್ಲೇ ಇಟ್ಟರೆ ಸಾಕು. ಈ ಗುರುತುಗಳನ್ನು ಹಿಡಿದು ಗಡಿರೇಖೆ ಬರೆದರೆ ಗಾಳಿಪಟ ಮಾಯವಾಗುತ್ತದೆ. ಅಂಡಮಾನ್ ನಿಕೋಬಾರ್ ಮತ್ತು ಲಕ್ಷದ್ವೀಪಗಳನ್ನು ಮರೆಯಬಾರದು. ನಿಕೋಬಾರಿನ ಇಂದಿರಾ ಪಾಯಿಂಟ್ ಕನ್ಯಾಕುಮಾರಿಗಿಂತಲೂ ದಕ್ಷಿಣಕ್ಕಿದೆ. ಆದ್ದರಿಂದ ಚೌಕಟ್ಟಿನ ಕೆಳಗೆ ಒಂದಿಷ್ಟು ಜಾಗ ಬಿಡಬೇಕು.

ಪ್ರಶ್ನೆಯಲ್ಲಿ ನಾಲ್ಕು ಅಂಶ ಕೊಟ್ಟಿದ್ದಾರೆ ಎಂದುಕೊಳ್ಳೋಣ: 23½° ಉತ್ತರ ಅಕ್ಷಾಂಶ, ನರ್ಮದಾ ನದಿ, ಹಿರಾಕುಡ್ ಅಣೆಕಟ್ಟು, ನವಮಂಗಳೂರು ಬಂದರು. ನಾಲ್ಕನ್ನೂ ಬಿಡಿಬಿಡಿಯಾಗಿ ನೆನಪಿಟ್ಟುಕೊಳ್ಳಲು ಹೊರಟವರು ಪರೀಕ್ಷೆಯ ಗಡಿಬಿಡಿಯಲ್ಲಿ ಎಡವುತ್ತಾರೆ. ಒಂದಕ್ಕೊಂದು ಎಲ್ಲಿದೆ ಎಂದು ನೋಡಿಟ್ಟುಕೊಂಡರೆ ಒಂದು ಇನ್ನೊಂದನ್ನು ಹಿಡಿದುಕೊಡುತ್ತದೆ.

23½° ಉತ್ತರ ಅಕ್ಷಾಂಶವೆಂದರೆ ಕರ್ಕಾಟಕ ಸಂಕ್ರಾಂತಿ ವೃತ್ತ. ನಮ್ಮ ಚೌಕಟ್ಟಿನಲ್ಲಿ ಅದು ಕೆಳಗಿನಿಂದ ಸುಮಾರು 5.8 ಸೆಂ.ಮೀ. ಎತ್ತರದಲ್ಲಿ ಹಾಯುತ್ತದೆ, ಅಂದರೆ ಹೆಚ್ಚುಕಡಿಮೆ ಕಛ್‌ನ ಚುಕ್ಕಿಯ ಮಟ್ಟದಲ್ಲಿಯೇ. ಪೂರ್ವದಲ್ಲಿ ಅದು ಕೋಲ್ಕತ್ತಾದ ತಲೆಯ ಮೇಲಿಂದ ಹೋಗಬೇಕು. ಗೆರೆ ಕೋಲ್ಕತ್ತಾದ ಕೆಳಗೆ ಸಮುದ್ರಕ್ಕೆ ಬಿದ್ದಿದ್ದರೆ ತಪ್ಪಾಗಿದೆಯೆಂದೇ ಅರ್ಥ. ಅಟ್ಲಾಸಿನಲ್ಲಿ ಈ ರೇಖೆ ಕೊಂಚ ಬಾಗಿರುತ್ತದೆ, ಏಕೆಂದರೆ ಅಲ್ಲಿ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿರುತ್ತಾರೆ. ಕೈಬರಹದ ನಕ್ಷೆಗೆ ಅಡ್ಡಗೆರೆ ಸಾಕು. ಆದರೆ ಅಟ್ಲಾಸಿನೊಂದಿಗೆ ಹೋಲಿಸಿದಾಗ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ.

ಇನ್ನೊಂದು ಗೆರೆಯನ್ನು ಪ್ರಶ್ನೆಯಲ್ಲಿ ಕೇಳದಿದ್ದರೂ ತೆಳುವಾಗಿ ಎಳೆದುಕೊಳ್ಳಬೇಕು. ಅದು ಭಾರತದ ಕಾಲಮಾನಕ್ಕೆ ಆಧಾರವಾದ 82½° ಪೂರ್ವ ರೇಖಾಂಶ. ಚೌಕಟ್ಟಿನ ಅಗಲದಲ್ಲಿ ಅದು ಬಹುತೇಕ ನಡುಗೆರೆಯೇ. ದಕ್ಷಿಣದಲ್ಲಿ ಅದು ಆಂಧ್ರದ ಕಾಕಿನಾಡದ ಬಳಿ ನೆಲ ಬಿಟ್ಟು ಸಮುದ್ರ ಸೇರುತ್ತದೆ. ಗಾಳಿಪಟದ ನಕ್ಷೆಯಲ್ಲಾದರೋ ಇದೇ ಗೆರೆ ಕನ್ಯಾಕುಮಾರಿಗೆ ಹೋಗಿ ಮುಟ್ಟುತ್ತದೆ. ನಕ್ಷೆ ಕೆಟ್ಟಿದೆಯೇ ಎಂದು ತಿಳಿಯಲು ಇಷ್ಟು ನೋಡಿದರೆ ಸಾಕು.

ಈ ಎರಡು ಗೆರೆಗಳು ಛತ್ತೀಸ್‌ಗಢದಲ್ಲಿ ಕೂಡುತ್ತವೆ. ಕೂಡುವ ಜಾಗದಿಂದ ಮೂರು ಮಿ.ಮೀ. ಕೆಳಗೆ, ಎರಡೂವರೆ ಮಿ.ಮೀ. ಎಡಕ್ಕೆ ಅಮರಕಂಟಕ. ನರ್ಮದೆ ಹುಟ್ಟುವುದು ಅಲ್ಲೇ. ಅಲ್ಲಿಂದ ಅಡ್ಡಗೆರೆಯ ಕೆಳಗೇ, ಹೆಚ್ಚುಕಡಿಮೆ ಅದರ ಜೊತೆಜೊತೆಗೇ ಪಶ್ಚಿಮಕ್ಕೆ 1312 ಕಿ.ಮೀ. ಹರಿದು ಭರೂಚ್ ಬಳಿ ಖಂಭಾತ್ ಕೊಲ್ಲಿ ಸೇರುತ್ತದೆ. ನಕ್ಷೆಯಲ್ಲಿ ನರ್ಮದೆ ಅಡ್ಡಗೆರೆಯ ಮೇಲಕ್ಕೆ ಹತ್ತಿದ್ದರೆ ತಪ್ಪು, ಬಂಗಾಳ ಕೊಲ್ಲಿಯ ಕಡೆ ತಿರುಗಿದ್ದರೂ ತಪ್ಪು. ಸೂರತ್ ಬಳಿ ಸಮುದ್ರ ಸೇರಿಸಿದ್ದರೆ ಅದು ಅವಳ ದಕ್ಷಿಣದ ನೆರೆಯವಳಾದ ತಾಪಿ. ಇನ್ನು ಹಿರಾಕುಡ್ ಒಡಿಶಾದ ಸಂಬಲ್‌ಪುರದ ಬಳಿ, ಮಹಾನದಿಯ ಮೇಲಿದೆ. ಅದೇ ಕೂಡುಜಾಗದಿಂದ ಅರ್ಧ ಸೆಂ.ಮೀ. ಬಲಕ್ಕೆ, ಮುಕ್ಕಾಲು ಸೆಂ.ಮೀ. ಕೆಳಗೆ. ನವಮಂಗಳೂರು ಮಾತ್ರ ಈ ಗುಂಪಿನಿಂದ ದೂರ. ಕೆಳಗಿನ ಅಂಚಿನಿಂದ 1.8 ಸೆಂ.ಮೀ. ಮೇಲೆ, ಪಶ್ಚಿಮ ಕರಾವಳಿಯ ರೇಖೆಯ ಮೇಲೆಯೇ ಅದರ ಚುಕ್ಕಿ ಕೂರಬೇಕು. ಬಂದರನ್ನು ಒಳನಾಡಿನಲ್ಲಿಟ್ಟರೆ ಹಡಗು ಬರುವುದೆಲ್ಲಿಂದ?

ಇನ್ನು ಚೊಕ್ಕತನದ ಮಾತು. ಚೊಕ್ಕ ಎಂದರೆ ಬಣ್ಣ ತುಂಬುವುದು ಎಂದು ಎಷ್ಟೋ ಮಕ್ಕಳು ತಿಳಿದಿದ್ದಾರೆ. ಆದರೆ ಈ ಚೌಕಟ್ಟಿನಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 290 ಕಿ.ಮೀ. ಮೊಂಡು ಪೆನ್ಸಿಲಿನಲ್ಲಿ ಮೂರು ಮಿ.ಮೀ. ಅಗಲದ ಚುಕ್ಕಿ ಇಟ್ಟರೆ ಆ ಒಂದೇ ಚುಕ್ಕಿ 87 ಕಿ.ಮೀ. ನೆಲವನ್ನು ಮುಚ್ಚುತ್ತದೆ. ಅಂಥ ಚುಕ್ಕಿಯನ್ನು ಹಿರಾಕುಡ್ ಮೇಲಿಟ್ಟರೆ ಅಣೆಕಟ್ಟಿನ ಜೊತೆ ಸಂಬಲ್‌ಪುರ ಊರೂ ಅದರ ಸುತ್ತಲಿನ ಹಳ್ಳಿಗಳೂ ಮುಚ್ಚಿಹೋಗುತ್ತವೆ. ಚೂಪಾದ ಪೆನ್ಸಿಲ್ ಅಂದಕ್ಕಷ್ಟೇ ಅಲ್ಲ, ಅದು ನಿಖರತೆಯ ಲೆಕ್ಕವೇ.

ಹೆಸರು ಬರೆಯುವುದಕ್ಕೂ ಇದೇ ಮಾತು. ಚುಕ್ಕಿಯ ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಹೆಸರನ್ನು ಗಡಿಯ ಹೊರಗೆ ಅಡ್ಡಲಾಗಿ ಬರೆದು ಚುಕ್ಕಿಗೆ ಒಂದು ನೇರ ಗೆರೆ ಎಳೆಯಬೇಕು. ಆ ಗೆರೆ ಚುಕ್ಕಿಯನ್ನು ಮುಟ್ಟಬೇಕು, ಇನ್ನೊಂದು ಗೆರೆಯನ್ನು ದಾಟಬಾರದು. ಎರಡು ಗೆರೆ ಹೆಣೆದುಕೊಂಡರೆ ಯಾವ ಹೆಸರು ಯಾವ ಚುಕ್ಕಿಯದು ಎಂದು ಮೌಲ್ಯಮಾಪಕರು ಊಹಿಸಬೇಕಾಗುತ್ತದೆ, ಊಹೆಗೆ ಅಂಕವಿಲ್ಲ.

ಭೂಮಿಯ ಒಳರಚನೆಯ ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸುವಾಗಲೂ ಮಕ್ಕಳು ಇಂಥದೇ ಗಾಳಿಪಟ ಹಾರಿಸುತ್ತಾರೆ. ಭೂಕವಚ, ಮ್ಯಾಂಟಲ್, ಕೇಂದ್ರಗೋಳಗಳಿಗೆ ಒಂದೇ ದಪ್ಪದ ಮೂರು ಬಳೆ ಬರೆಯುತ್ತಾರೆ. ಮೇಲ್ಮೈಯಿಂದ ಭೂಮಿಯ ಕೇಂದ್ರಕ್ಕೆ ಸುಮಾರು 6371 ಕಿ.ಮೀ.; ಮ್ಯಾಂಟಲ್ ಮುಗಿಯುವುದು 2900 ಕಿ.ಮೀ. ಆಳದಲ್ಲಿ. ಐದು ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಮ್ಯಾಂಟಲ್‌ನ ತಳ ಹೊರಗಿನಿಂದ 2.3 ಸೆಂ.ಮೀ. ಒಳಗಿರುತ್ತದೆ. ಭೂಕವಚಕ್ಕೆ ಉಳಿಯುವುದು ಅರ್ಧ ಮಿಲಿಮೀಟರ್ ಅಷ್ಟೇ. ವೃತ್ತದ ಹೊರಗೆರೆಯೇ ಭೂಕವಚ. ನಾವು ಮನೆ ಕಟ್ಟಿ, ಬಾವಿ ತೋಡಿ, ಬೆಳೆ ತೆಗೆಯುವುದೆಲ್ಲ ಆ ಪೆನ್ಸಿಲ್ ಗೆರೆಯ ಮೇಲೆಯೇ. ಹೆಸರಿನ ಗೆರೆ ಅದನ್ನು ಮುಟ್ಟಿ ನಿಲ್ಲಬೇಕು, ದಾಟಿ ಒಳಗೆ ಹೋದರೆ ಅದು ಮ್ಯಾಂಟಲ್‌ನ ಹೆಸರಾಗಿಬಿಡುತ್ತದೆ.